ಅನುಬಂಧ ಏಳು: ಜೋಳದ ರೊಟ್ಟಿ

ಗುರುರಾಜರಾಯರಿಗೆ ಐವತ್ತೇಳು ವರ್ಷವಾಗಿತ್ತು, ಆದರೂ ಅವರು ಒಂದೇ ಒಂದು ಮೇಲ್ಮನವಿಯನ್ನೂ ಹಾಕಿರಲಿಲ್ಲ. ಬೇರೆಯವರಿಗೆ ಇದು ಕೊರತೆ ಅನ್ನಿಸಲಿಕ್ಕಿಲ್ಲ. ರಾಯರಿಗೆ ಅನ್ನಿಸುತ್ತಿತ್ತು. ನರಗುಂದದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಹದಿನೆಂಟು ವರ್ಷ ಲೆಕ್ಕ ಬರೆದವರು, ಜಿನ್ನು ಮುಚ್ಚಿದ ಮೇಲೆ ರೋಣದ ಬಸ್ ಸ್ಟ್ಯಾಂಡಿನ ಎದುರಿಗೆ ಮಾಳಿಗೆಯ ಮೇಲೊಂದು ಕೋಣೆ ಹಿಡಿದು ತೆರಿಗೆ ಸಲಹೆಗಾರರಾಗಿ ಕೂತವರು. ಜಿಎಸ್‌ಟಿ ಬಂದಾಗ ಪರೀಕ್ಷೆ ಬರೆದು ಪಾಸಾಗಿ, ಜಿಎಸ್‌ಟಿ ಪ್ರಾಕ್ಟಿಷನರ್ ಎಂಬ ಫಲಕವನ್ನೂ ತೂಗುಹಾಕಿದ್ದರು. ದಿನಾ ಬೆಳಿಗ್ಗೆ ನರಗುಂದದಿಂದ ಬಸ್ಸಿನಲ್ಲಿ ಬರುವುದು, ಗೊಬ್ಬರದಂಗಡಿ, ಸೈಕಲ್ಲಂಗಡಿ, ಬೋರ್‌ವೆಲ್ ಪಂಪಿನ ಅಂಗಡಿಗಳ ರಿಟರ್ನ್ ತುಂಬುವುದು, ಸಂಜೆ ಅದೇ ಬಸ್ಸಿಗೆ ತಿರುಗಿ ಹೋಗುವುದು. ಅವರ ಗಿರಾಕಿಗಳಿಗೆ ಎಂದಾದರೂ ನೋಟಿಸು ಬಂದರೆ ಅವರು ಆಡುವ ಮಾತು ಒಂದೇ. "ಎಷ್ಟ್ ಆಕ್ಕೈತಿ ಹೇಳ್ರಿ ರಾಯರ, ತುಂಬಿ ಕೈ ತೊಳಕೊಳ್ಳೂಣು."

ಆದರೆ ರಾಯರು ಕಾಯ್ದೆ ಪುಸ್ತಕದಲ್ಲಿ ನೂರಾ ಏಳನೇ ಕಲಮನ್ನು ಎಷ್ಟು ಸಲ ಓದಿದ್ದರೆಂದರೆ, ಪುಸ್ತಕ ಕೆಳಗೆ ಬಿದ್ದರೆ ತಾನಾಗಿಯೇ ಆ ಪುಟಕ್ಕೆ ತೆರೆದುಕೊಳ್ಳುತ್ತಿತ್ತು. ಆದೇಶ ಕೈಸೇರಿದ ಮೂರು ತಿಂಗಳೊಳಗೆ ಮೇಲ್ಮನವಿ. ತಪ್ಪಿದರೆ ತಕ್ಕ ಕಾರಣ ತೋರಿಸಿ ಇನ್ನೊಂದು ತಿಂಗಳು. ಒಪ್ಪಿಕೊಂಡ ಬಾಕಿ ಇದ್ದರೆ ಪೂರ್ತಿ, ತಕರಾರಿನ ತೆರಿಗೆಗೆ ನೂರಕ್ಕೆ ಹತ್ತರಂತೆ ಮುಂಗಡ ಠೇವಣಿ. ಇದನ್ನೆಲ್ಲ ಅವರು ಬಸ್ಸಿನ ಕಿಟಕಿಯ ಪಕ್ಕ ಕೂತು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದರು.

೨೦೨೫ರ ನವೆಂಬರ್ ಇಪ್ಪತ್ತೆಂಟರಂದು ಗಜೇಂದ್ರಗಡದ ಗುಡ್ಡವ್ವ ಅವರ ಮೆಟ್ಟಿಲು ಹತ್ತಿ ಬಂದಳು.

ಗುಡ್ಡವ್ವನದು ಮೂಲ ಮುಶಿಗೇರಿ. ಗಂಡ ದುರಗಪ್ಪನ ಜೊತೆ ಹತ್ತು ವರ್ಷ ಗೋವೆಯಲ್ಲಿ ಕಲ್ಲು ಹೊತ್ತು, ಅಲ್ಲಿ ಕೆಲಸಗಾರರಿಗೆ ರೊಟ್ಟಿ ಬಡಿದು ಕೊಡುತ್ತ ಕೊಡುತ್ತ, ಕಲ್ಲಿಗಿಂತ ರೊಟ್ಟಿಯೇ ವಾಸಿ ಅಂತ ಕಂಡುಕೊಂಡು ಊರ ಕಡೆ ಬಂದವಳು. ಈಗ ಗಜೇಂದ್ರಗಡದಲ್ಲಿ ಅವಳ ಕೈಕೆಳಗೆ ಹದಿನಾಲ್ಕು ಮಂದಿ ಹೆಂಗಸರು ದಿನಕ್ಕೆ ಎರಡು ಸಾವಿರ ಖಡಕ್ ರೊಟ್ಟಿ ಬಡಿಯುತ್ತಿದ್ದರು. ಅಷ್ಟೂ ಮಾಲು ಸೊಲ್ಲಾಪುರದ ಒಬ್ಬ ಸಗಟು ವ್ಯಾಪಾರಿಗೆ ಹೋಗುತ್ತಿತ್ತು. ಮಾಲು ರಾಜ್ಯ ದಾಟಿ ಹೋಗುವುದರಿಂದ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕಾಗಿತ್ತು. ಮೊದಲು ಅವಳ ರಿಟರ್ನ್ ತುಂಬುತ್ತಿದ್ದ ಮನುಷ್ಯ ಬೆಳಗಾವಿಗೆ ಹೋಗಿ ಫರ್ನಿಚರ್ ಅಂಗಡಿ ಇಟ್ಟಿದ್ದ. ಹೊಸಬರು ಬೇಕು ಅಂತ ಅವಳು ಬಂದಿದ್ದಳು.

ರಾಯರು ಅವಳ ಖಾತೆಗೆ ಲಾಗಿನ್ ಆದರು. ರಿಟರ್ನ್‌ಗಳೆಲ್ಲ ಸರಿ ಇದ್ದವು. ಅಭ್ಯಾಸಬಲದಿಂದ ನೋಟಿಸು ಮತ್ತು ಆದೇಶಗಳ ಪುಟ ತೆರೆದರು. ತೆರೆದವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಗುಡ್ಡವ್ವಾ, ನಿಮಗ ಏಳು ಲಕ್ಷ ನಲವತ್ತೆಂಟು ಸಾವಿರದ ಎಂಟುನೂರು ರೂಪಾಯಿ ಡಿಮಾಂಡ್ ಆಗೇದ್ರಿ."

ಗುಡ್ಡವ್ವನ ಮುಖ ಅರಳಿತು. "ಡಿಮಾಂಡ್ ಐತ್ರಿ ರಾಯರ. ಸೊಲ್ಲಾಪುರದಾಂವ ಇನ್ನಾ ಎರಡ ಸಾವಿರ ಕಳಸ್ರಿ ಅಂತಾನ. ನಾನ ಹೆಂಗಸೂರು ಸಾಲಂಗಿಲ್ಲ ಅಂದೇನಿ."

ಇದು ಆ ಡಿಮಾಂಡ್ ಅಲ್ಲ ಎಂದು ತಿಳಿಸಿ ಹೇಳುವುದಕ್ಕೆ ರಾಯರಿಗೆ ಒಂದು ಕಪ್ ಚಹಾದಷ್ಟು ಹೊತ್ತು ಹಿಡಿಯಿತು.

ಆದದ್ದು ಇಷ್ಟು. ೨೦೨೧-೨೨ನೇ ಸಾಲಿನಲ್ಲಿ ಗುಡ್ಡವ್ವ ಮೂವತ್ತೆರಡು ಲಕ್ಷದ ರೊಟ್ಟಿ ಮಾರಿದ್ದಳು. ಆಗ ಸಾದಾ ರೊಟ್ಟಿಗೆ ಶೇಕಡಾ ಐದು ತೆರಿಗೆ, ಅದನ್ನು ಕಟ್ಟಿದ್ದಳು. ಆದರೆ ತೆರಿಗೆ ಅಧಿಕಾರಿಯ ಆದೇಶದ ಪ್ರಕಾರ ಅವಳು ಮಾರಿದ್ದು ರೊಟ್ಟಿಯೇ ಅಲ್ಲ. ಅದು ಬೇಕರಿ ತಿನಿಸು, ಅದಕ್ಕೆ ಶೇಕಡಾ ಹದಿನೆಂಟು. ನಡುವಿನ ಹದಿಮೂರಕ್ಕೆ ನಾಲ್ಕು ಲಕ್ಷ ಹದಿನಾರು ಸಾವಿರ ತೆರಿಗೆ, ಅದರ ಮೇಲೆ ಬಡ್ಡಿ, ಅದರ ಮೇಲೆ ದಂಡ. ಕಾರಣಗಳನ್ನೂ ಕ್ರಮವಾಗಿ ಕೊಟ್ಟಿದ್ದರು. ಈ ಪದಾರ್ಥ ಮುರಿದರೆ ಸದ್ದು ಬರುತ್ತದೆ. ಮೂರು ತಿಂಗಳಾದರೂ ಕೆಡುವುದಿಲ್ಲ. ಸಾದಾ ರೊಟ್ಟಿ ಮೆತ್ತಗಿರುತ್ತದೆ, ಇದು ಮೆತ್ತಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತಯಾರಕರೇ ತಮ್ಮ ಪೊಟ್ಟಣದ ಮೇಲೆ ಇದನ್ನು ‘ಕ್ರಿಸ್ಪಿ ಬೇಕರಿ ಡಿಲೈಟ್’ ಎಂದು ಕರೆದಿದ್ದಾರೆ.

"ಈ ಬೇಕರಿ ಡಿಲೈಟ್ ಯಾರ ಕರದ್ರು?" ರಾಯರು ಕೇಳಿದರು.

ಗುಡ್ಡವ್ವನ ಅಕ್ಕನ ಮಗ ಕಳಕೇಶ ಕರೆದಿದ್ದ. ಪುಣೆಯಲ್ಲಿ ಎರಡು ವರ್ಷ ಪ್ಯಾಕಿಂಗ್ ಕಂಪನಿಯಲ್ಲಿದ್ದು ಬಂದವನು ಅವನು. ಕೆಳಗೆ ಬೈಕಿನ ಮೇಲೆ ಕೂತಿದ್ದವನನ್ನು ಮೇಲಕ್ಕೆ ಕರೆಸಿದರು. ಅವನು ಹೆಮ್ಮೆಯಿಂದಲೇ ಬಂದ. "ಬರೇ ರೊಟ್ಟಿ ಅಂದ್ರ ಯಾರ್ ತಗೋತಾರ್ರೀ? ಹೆಸರಿನ್ಯಾಗ ಐತ್ರಿ ಎಲ್ಲಾ."

"ಹೌದಪ್ಪಾ," ಅಂದರು ರಾಯರು, "ಹೆಸರಿನೊಳಗ ಏಳೂವರಿ ಲಕ್ಷ ಅದ."

ಇದರ ಮೊದಲು ನೋಟಿಸೂ ಬಂದಿತ್ತು. ಉತ್ತರ ಕೊಡಿ, ಖುದ್ದು ಬಂದು ಹೇಳಿ ಎಂದು ಅಧಿಕಾರಿ ಮೂರು ಸಲ ಕರೆದಿದ್ದರು. ಆ ಪತ್ರಗಳೆಲ್ಲ ಫರ್ನಿಚರ್ ಅಂಗಡಿಯವನ ಹಳೆಯ ಇ-ಮೇಲಿಗೆ ಹೋಗಿದ್ದವು. ಅವನು ಅದನ್ನು ತೆರೆಯುವುದನ್ನು ಬಿಟ್ಟು ವರ್ಷವಾಗಿತ್ತು. ಆದೇಶದ ತಾರೀಖು ಸೆಪ್ಟೆಂಬರ್ ಹತ್ತು. ಅದು ಹೊರಟ ಹನ್ನೆರಡನೇ ದಿನಕ್ಕೆ ಸರಕಾರ ದೇಶದಾದ್ಯಂತ ರೊಟ್ಟಿಯ ಮೇಲಿನ ತೆರಿಗೆಯನ್ನೇ ತೆಗೆದುಹಾಕಿತ್ತು. ಈಗ ರೊಟ್ಟಿಗೆ ತೆರಿಗೆ ಸೊನ್ನೆ.

"ಅಂದಮ್ಯಾಲ ಮುಗೀತಲ್ರೀ," ಅಂದಳು ಗುಡ್ಡವ್ವ.

"ಈಗಿನ ರೊಟ್ಟಿದು ಮುಗೀತು. ನಾಕು ವರ್ಷದ ಹಿಂದ ತಿಂದ ರೊಟ್ಟಿದು ಮುಗದಿಲ್ಲ."

ಹೇಳುತ್ತಲೇ ರಾಯರು ಗೋಡೆಯ ಕ್ಯಾಲೆಂಡರ್ ನೋಡಿದರು. ಮೂರು ತಿಂಗಳು ಮುಗಿಯುವುದು ಡಿಸೆಂಬರ್ ಹತ್ತಕ್ಕೆ. ಇನ್ನು ಹನ್ನೆರಡು ದಿನ. ಗುಡ್ಡವ್ವನಿಗೆ ಬಂದದ್ದು ಕಷ್ಟ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಎದೆಯೊಳಗೆ, ಮದುವೆ ಗೊತ್ತಾದವರಿಗೆ ಆಗುವಂತೆ, ಏನೋ ಒಂದು ಕುಣಿಯಿತು. ಅದನ್ನು ಮುಖದ ಮೇಲೆ ತೋರಗೊಡದೆ, "ಮೇಲ್ಮನವಿ ಹಾಕೂಣು," ಎಂದರು.

ಮೊದಲ ತೊಡಕು ಠೇವಣಿಯದು. ತಕರಾರಿನ ತೆರಿಗೆ ನಾಲ್ಕು ಲಕ್ಷ ಹದಿನಾರು ಸಾವಿರ, ಅದರ ಹತ್ತನೇ ಒಂದು ಪಾಲು ನಲವತ್ತೊಂದು ಸಾವಿರದ ಆರುನೂರು. ಬಡ್ಡಿಗೆ, ದಂಡಕ್ಕೆ ಠೇವಣಿ ಇಡಬೇಕಾಗಿಲ್ಲ. ಅಷ್ಟು ಕಟ್ಟಿ ಮೇಲ್ಮನವಿ ಹಾಕಿದರೆ ತೀರ್ಪು ಬರುವವರೆಗೆ ಉಳಿದ ಹಣಕ್ಕಾಗಿ ಯಾರೂ ಬ್ಯಾಂಕ್ ಖಾತೆ ಮುಟ್ಟುವಂತಿಲ್ಲ.

"ನಾ ಕೊಡೂದಿಲ್ಲ ಅಂತ ಹೇಳಾಕ ನಾನ ರೊಕ್ಕಾ ಕೊಡಬೇಕ್ರಿ?" ಗುಡ್ಡವ್ವ ಕೇಳಿದಳು.

"ಹೌದ್ರಿ."

"ಕೊಟ್ಟಮ್ಯಾಲ, ಕೊಡೂದಿಲ್ಲ ಅಂತ ಹೆಂಗ್ ಹೇಳ್ಲಿ?"

ಎಂಟು ವರ್ಷ ಆ ಕಲಮು ಓದಿದರೂ ರಾಯರಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. "ಗೆದ್ದರ ಬಡ್ಡಿ ಸಮೇತ ತಿರುಗಿ ಬರ್ತದ," ಎಂದಷ್ಟೇ ಹೇಳಿದರು.

ಸೋಮವಾರ ಗಜೇಂದ್ರಗಡದ ಬ್ಯಾಂಕಿಗೆ ಅವರೂ ಜೊತೆಗೆ ಹೋದರು. ಗುಡ್ಡವ್ವ ನಲವತ್ತೊಂದು ಸಾವಿರದ ಆರುನೂರನ್ನು ಹಿಟ್ಟಿನ ವಾಸನೆ ಬರುವ ಕೈಚೀಲದಲ್ಲಿ ನಗದಾಗಿಯೇ ತಂದಿದ್ದಳು. ಕೌಂಟರಿನಲ್ಲಿದ್ದ ಯೂಸುಫ ತಲೆಯಲ್ಲಾಡಿಸಿದ. ಜಿಎಸ್‌ಟಿ ಚಲನ್‌ಗೆ ಕೌಂಟರಿನಲ್ಲಿ ನಗದು ಹತ್ತು ಸಾವಿರ ದಾಟುವಂತಿಲ್ಲ. ರಾಯರಿಗೆ ಇದು ಗೊತ್ತಿತ್ತು. ಅದಕ್ಕೇ ಅವರು ನೆಫ್ಟ್ ಮೂಲಕ ಕಟ್ಟುವ ಚಲನ್ ತೆಗೆದು ತಂದಿದ್ದರು. ಹಣವನ್ನು ಮೊದಲು ಗುಡ್ಡವ್ವನ ಖಾತೆಗೆ ತುಂಬಿ, ಅಲ್ಲಿಂದ ಕಳಿಸಬೇಕು.

ಯೂಸುಫ ಫಾರ್ಮು ಓದಿದ. "ಅಕೌಂಟ್ ನಂಬರ್ ಎಲ್ಲೈತ್ರಿ?"

"ಚಲನ್ ನಂಬರೇ ಅಕೌಂಟ್ ನಂಬರು."

"ಯಾರ್ ಹೆಸರಿಗ್ರಿ?"

"ಜಿಎಸ್‌ಟಿ ಹೆಸರಿಗೆ."

"ಅದು ಊರಾಗ ಯಾರಿಗೂ ಇಲ್ಲದ ಹೆಸರ ಆತ್ರಿ," ಎಂದು ಯೂಸುಫ ಅಂಕಿಗಳನ್ನು ಒಂದೊಂದಾಗಿ ಒತ್ತತೊಡಗಿದ. ಷರಾ ಎಂಬ ಖಾನೆ ಖಾಲಿ ಇರುವುದನ್ನು ಗುಡ್ಡವ್ವ ನೋಡಿದಳು. ಅಲ್ಲಿ ‘ಇದು ನಾ ಕೊಡಬೇಕಾದ ರೊಕ್ಕಾ ಅಲ್ಲ’ ಅಂತ ಬರೆಯಬೇಕೆಂದು ಪಟ್ಟು ಹಿಡಿದಳು. ಸಾಲಿನಲ್ಲಿ ನಿಂತ ಹನ್ನೊಂದು ಜನ ಅವಳ ಪರ ಮಾತಾಡಿದರು. ಕೊನೆಗೆ ಯೂಸುಫ ಬ್ಯಾಂಕಿನಲ್ಲಿ ಉಳಿಯುವ ಪ್ರತಿಯ ಹಿಂಬದಿಗೆ ಅದನ್ನು ಬರೆದುಕೊಂಡ. ಸಂಜೆಯೊಳಗೆ ಹಣ ಅವಳ ಜಿಎಸ್‌ಟಿ ನಗದು ಲೆಡ್ಜರಿನಲ್ಲಿ, ಅಂತರರಾಜ್ಯ ತೆರಿಗೆಯ ಕಾಲಮ್ಮಿನಲ್ಲಿ, ಬಂದು ಕೂತಿತು. ರಾಯರು ಮೂರು ಸಲ ನೋಡಿ ಖಾತ್ರಿ ಮಾಡಿಕೊಂಡರು. ಬೇರೆ ಕಾಲಮ್ಮಿನಲ್ಲಿ ಕೂತಿದ್ದರೆ ಅದನ್ನು ಎಬ್ಬಿಸಿ ತರುವುದಕ್ಕೆ ಮತ್ತೊಂದು ಫಾರ್ಮು.

ಆಮೇಲೆ ಮನವಿ ಬರೆಯುವ ಕೆಲಸ. ಸಂಗತಿಗಳ ಹೇಳಿಕೆ, ಮೇಲ್ಮನವಿಯ ಆಧಾರಗಳು, ಕೋರಿಕೆ, ಅನುಬಂಧಗಳು. ರಾಯರು ಇಂಗ್ಲಿಷಿನಲ್ಲಿ ಬರೆಯಲು ಕೂತರು. ರೊಟ್ಟಿ ಬಡಿಯುವುದನ್ನು ನಿಘಂಟು ನೋಡಿ ಇಂಗ್ಲಿಷಿಗೆ ತಂದಾಗ, ಹದಿನಾಲ್ಕು ಮಹಿಳೆಯರು ದಿನವೂ ಬೆಳಿಗ್ಗೆ ರೊಟ್ಟಿಯ ಮೇಲೆ ಹಲ್ಲೆ ನಡೆಸುತ್ತಾರೆ ಎಂಬ ಅರ್ಥ ಬಂತು. ತಿದ್ದಿದರು. ಆಗ ಮಹಿಳೆಯರು ರೊಟ್ಟಿಯ ಬೆನ್ನು ಸವರುತ್ತಾರೆ ಎಂದಾಯಿತು. ಕೊನೆಗೆ, ಅಂಗೈಯಿಂದ ಅಗಲ ಮಾಡುತ್ತಾರೆ ಎಂಬಲ್ಲಿಗೆ ತಂದು ನಿಲ್ಲಿಸಿದರು.

ಅವರ ಮುಖ್ಯ ಆಧಾರ ಗಟ್ಟಿಯಾಗಿತ್ತು. ಕಾಯ್ದೆಯಲ್ಲಿ ರೊಟ್ಟಿ ಅಂದರೇನು ಅಂತ ಹೇಳಿಲ್ಲ. ಹೇಳದೆ ಇದ್ದಾಗ, ಕೊಳ್ಳುವವರು ಮಾರುವವರು ದಿನಬಳಕೆಯಲ್ಲಿ ಅದನ್ನು ಏನೆಂದು ತಿಳಿಯುತ್ತಾರೋ ಅದೇ ಅರ್ಥ. ಪೊಟ್ಟಣದ ಮೇಲಿನ ಹೆಸರಿನಿಂದ ಒಳಗಿನ ವಸ್ತು ಬದಲಾಗುವುದಿಲ್ಲ. ಬೇಕರಿ ಅನ್ನಲು ಅಲ್ಲಿ ಮೈದಾ ಇಲ್ಲ, ಈಸ್ಟ್ ಇಲ್ಲ, ಭಟ್ಟಿ ಇಲ್ಲ. ಇರುವುದು ಜೋಳದ ಹಿಟ್ಟು, ಬಿಸಿನೀರು, ಹಂಚು. ಆದೇಶದ ಪ್ರತಿ, ನೋಟಿಸು, ರಿಟರ್ನ್‌ಗಳು, ಬಿಲ್ಲುಗಳು, ತೆರಿಗೆ ದರದ ಅಧಿಸೂಚನೆ, ರೊಟ್ಟಿ ಮಾಡುವ ಫೋಟೋಗಳು, ಹೀಗೆ ಆರು ಅನುಬಂಧಗಳಾದವು. ಓದಿ ನೋಡಿದರು. ಏನೋ ಕಡಿಮೆ ಅನ್ನಿಸಿತು. ಇಷ್ಟು ಪುಟಗಳಲ್ಲಿ ಎಲ್ಲಿಯೂ ರೊಟ್ಟಿ ಇರಲಿಲ್ಲ.

ಅನುಬಂಧ ಏಳು, ಒಂದು ಜೋಳದ ರೊಟ್ಟಿ, ಎಂದು ಅವರು ಅನುಕ್ರಮಣಿಕೆಯಲ್ಲಿ ಬರೆದರು. ಬರೆದ ಮೇಲೆ ಕಷ್ಟಗಳು ಶುರುವಾದವು.

ಅನುಬಂಧಗಳನ್ನು ಪೋರ್ಟಲ್ಲಿಗೆ ಏರಿಸಬೇಕು, ಪಿಡಿಎಫ್ ಆಗಿರಬೇಕು, ಒಂದೊಂದು ಕಡತ ಐದು ಎಂಬಿ ದಾಟಬಾರದು. ರಾಯರು ಗುಡ್ಡವ್ವ ಕೊಟ್ಟಿದ್ದ ಎರಡು ರೊಟ್ಟಿಗಳನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಕೆಳಗಿನ ಸುಭಾನಸಾಬನ ಝೆರಾಕ್ಸ್ ಅಂಗಡಿಗೆ ಹೋದರು. ಸುಭಾನಸಾಬ ಮೂವತ್ತು ವರ್ಷ ಎಲ್ಲ ನಮೂನೆಯ ಕಾಗದ ನೋಡಿದವನು. ಒಂದು ರೊಟ್ಟಿಯನ್ನು ಗಾಜಿನ ಮೇಲಿಟ್ಟು, ಕಿಂಚಿತ್ತೂ ಆಶ್ಚರ್ಯಪಡದೆ ಕೇಳಿದ. "ಮುಂದ ಹಿಂದ ಎರಡೂ ಬದಿ ಬೇಕೇನ್ರಿ?"

"ಎರಡೂ ಬದಿ."

"ಒಂದ ಹಾಳಿಮ್ಯಾಲ ತೆಗೀಲೇನ್ರಿ, ಆಧಾರ್ ಕಾರ್ಡ್ ಗತೆ?"

ಮುಚ್ಚಳ ಮುಚ್ಚಿದಾಗ ಅನುಬಂಧ ಏಳು ಕಟ್ಟೆಂದು ಮೂರು ತುಂಡಾಯಿತು. ಎರಡನೇ ರೊಟ್ಟಿಗೆ ಮುಚ್ಚಳ ಎತ್ತಿ ಹಿಡಿದರು. ಬಣ್ಣದಲ್ಲಿ ತೆಗೆದರೆ ಹನ್ನೊಂದು ಎಂಬಿ ಆಯಿತು. ಕುಗ್ಗಿಸಿ ಕುಗ್ಗಿಸಿ ನಾಲ್ಕಕ್ಕೆ ತಂದಾಗ ಹಾಳೆಯ ಮೇಲೆ ಗ್ರಹಣ ಹಿಡಿದ ಹುಣ್ಣಿಮೆಯಂಥದ್ದೊಂದು ಮೂಡಿತು. ಸುಭಾನಸಾಬ ಅದನ್ನು ದೂರ ಹಿಡಿದು ನೋಡಿ, "ಗುರ್ತು ಸಿಗತೈತ್ರಿ," ಎಂದು ಸಮಾಧಾನ ಹೇಳಿದ.

ಎರಡನೆಯದು ಸಹಿ. ಅನುಬಂಧದ ಪ್ರತಿ ಹಾಳೆಗೂ ಮನವಿದಾರಳ ಸಹಿ ಹಾಕಿಸಿದ್ದ ರಾಯರಿಗೆ, ವಿಚಾರಣೆಯ ದಿನ ಹಾಜರು ಮಾಡಬೇಕಾದ ಅಸಲು ರೊಟ್ಟಿ ಸಹಿಯಿಲ್ಲದೆ ಇರುವುದು ಸರಿಕಾಣಲಿಲ್ಲ. ನಾಳೆ ಯಾರಾದರೂ ಇದು ಬೇರೆ ರೊಟ್ಟಿ ಅಂದರೆ? ಪೆನ್ನು ಊರಿದರೆ ತೂತು ಬಿತ್ತು. ಸ್ಕೆಚ್ ಪೆನ್ನು ಹಿಟ್ಟಿನ ಮೇಲೆ ಜಾರಿತು. ಕಾಗದಗಳಿಗೆ ಸಹಿ ಹಾಕಲು ಬಂದಿದ್ದ ಗುಡ್ಡವ್ವ ಅದನ್ನು ನೋಡಿ, "ಹಸೀದರಾಗ ಬರದ ಸುಡೂಣು ತಗೋರಿ," ಎಂದಳು.

ಮರುದಿನ ಗಜೇಂದ್ರಗಡದಲ್ಲಿ ಹದಿನಾಲ್ಕು ಹೆಂಗಸರೂ ಕೈ ನಿಲ್ಲಿಸಿ ಸುತ್ತ ನಿಂತರು. ಗುಡ್ಡವ್ವ ರೊಟ್ಟಿ ಬಡಿದು ಕಸಬರಿಗೆ ಕಡ್ಡಿಯಿಂದ ಹೆಸರು ಕೊರೆದಳು. ಹಂಚಿಗೆ ಹಾಕಿ ಮೇಲೆ ನೀರು ಸವರಿದಾಗ ಹೆಸರು ಅಳಿಸಿಹೋಯಿತು. ಎರಡನೆಯದಕ್ಕೆ ನೀರು ಸವರಿದ ಮೇಲೆ ಬರೆದಳು. ಅದು ಪೂರಿಯಂತೆ ಉಬ್ಬಿ, ಗುಡ್ಡವ್ವ ಎಂಬುದು ನಡುವೆ ಒಡೆದು ಎರಡು ಹೆಸರಾಯಿತು. ಐದನೆಯದು ಒಪ್ಪವಾಗಿ ಬಂತು. ರಾಯರು ಅದನ್ನು ಪ್ಯಾನ್ ಕಾರ್ಡಿನ ಸಹಿಯ ಪಕ್ಕ ಹಿಡಿದು ನೋಡಿದರು. ಡ-ಕಾರದ ಹೊಟ್ಟೆ ಸ್ವಲ್ಪ ದೊಡ್ಡದಾಗಿತ್ತು. "ನಡೀತದ," ಎಂದರು. ಅಂಥವು ಮೂರು ಮಾಡಿಸಿದರು. ಒಂದು ಮೇಲ್ಮನವಿ ಪ್ರಾಧಿಕಾರಕ್ಕೆ, ಒಂದು ಇಲಾಖೆಗೆ, ಒಂದು ತಮ್ಮ ಕಡತಕ್ಕೆ.

ಮೂರನೆಯ ತೊಡಕು ನಿಯಮದ್ದು. ಕೆಳಗಿನ ಅಧಿಕಾರಿಯ ಮುಂದೆ ಇಡದ ಸಾಕ್ಷ್ಯವನ್ನು ಮೇಲ್ಮನವಿಯಲ್ಲಿ ಸುಮ್ಮನೆ ತಂದು ಇಡುವಂತಿಲ್ಲ. ಆಗ ಇಡಲಾಗದ್ದಕ್ಕೆ ತಕ್ಕ ಕಾರಣ ಹೇಳಿ ಅನುಮತಿ ಕೇಳಬೇಕು. ಅಷ್ಟೇ ಅಲ್ಲ, ಆ ಸಾಕ್ಷ್ಯವನ್ನು ಪರಿಶೀಲಿಸಲು ಇಲಾಖೆಗೂ ಅವಕಾಶ ಸಿಗಬೇಕು. ಹಾಗಾಗಿ ರಾಯರು ರೊಟ್ಟಿಯನ್ನು ಹೆಚ್ಚುವರಿ ಸಾಕ್ಷ್ಯವಾಗಿ ಸ್ವೀಕರಿಸಬೇಕೆಂದು ಎರಡು ಪುಟದ ಅರ್ಜಿ ಬರೆದರು. ನೋಟಿಸು ಹಳೆಯ ಇ-ಮೇಲಿಗೆ ಹೋದ ಕಾರಣ ಮನವಿದಾರಳು ರೊಟ್ಟಿಯನ್ನು ಸಕಾಲದಲ್ಲಿ ಹಾಜರುಪಡಿಸಲಾಗಲಿಲ್ಲ ಎಂದು ಬರೆದು, ಓದಿ, ತೃಪ್ತಿಯಿಂದ ಚಹಾ ತರಿಸಿದರು.

ಡಿಸೆಂಬರ್ ಒಂಬತ್ತರ ಮಧ್ಯಾಹ್ನ ಎಲ್ಲ ಸಿದ್ಧವಾಯಿತು. ಫಾರ್ಮಿನಲ್ಲಿ ಆದೇಶದ ಸಂಖ್ಯೆ ಹಾಕಿದರು, ತಕರಾರಿನ ವಿಷಯ ಸರಕಿನ ವರ್ಗೀಕರಣ ಎಂದು ಆರಿಸಿದರು, ಒಪ್ಪಿಕೊಂಡ ಮೊತ್ತ ಸೊನ್ನೆ ಎಂದು ತುಂಬಿದರು, ಲೆಡ್ಜರಿನಿಂದ ಠೇವಣಿ ಕಳೆದರು. ಉಳಿದದ್ದು ಗುಡ್ಡವ್ವನ ಮೊಬೈಲಿಗೆ ಬರುವ ಓಟಿಪಿ ಒಂದೇ. ಗುಡ್ಡವ್ವ ಎದುರಿಗೇ ಕೂತಿದ್ದಳು, ಮೊಬೈಲು ಮಾತ್ರ ದುರಗಪ್ಪನ ಜೇಬಿನಲ್ಲಿ ಇಟಗಿಗೆ ಭೀಮವ್ವನ ಗುಡಿಗೆ ಹೋಗಿತ್ತು. ಫೋನು ಹಚ್ಚಿದರೆ ದುರಗಪ್ಪ ಅಂದ. "ಯಾರಿಗೂ ಹೇಳಬ್ಯಾಡ್ರಿ ಅಂತ ಬರದಾರ. ನಾ ಹೇಳಂಗಿಲ್ಲ."

"ನಾ ನಿನ್ನ ಹೇಣ್ತಿ ಅದೇನಿ!"

"ದನಿ ಯಾರ ಬೇಕಾದ್ರೂ ಮಾಡತಾರ. ನಮ್ಮ ಲಗ್ನದಾಗ ಮಳಿ ಬಂದಿತ್ತೋ ಇಲ್ಲೋ?"

"ಮಳಿ ಅಲ್ಲೋ, ಗಾಳಿ! ಹಂದರಾ ಹಾರಿ ಹೋಗಿತ್ತು!"

ಆಗ ದುರಗಪ್ಪ ಆರು ಅಂಕಿ ಹೇಳಿದ. ಪರದೆಯ ಮೇಲೆ ಸ್ವೀಕೃತಿಯ ಸಂಖ್ಯೆ ಮೂಡಿತು. ಆದೇಶ ಪೋರ್ಟಲ್ಲಿನಲ್ಲಿಯೇ ಇದ್ದುದರಿಂದ ಅದರ ದೃಢೀಕೃತ ಪ್ರತಿ ಒಯ್ದು ಕೊಡುವ ಕೆಲಸವೂ ಇರಲಿಲ್ಲ. ಅಂದು ಸಂಜೆ ಬಸ್ಸಿನಲ್ಲಿ ರಾಯರು ಪಕ್ಕದಲ್ಲಿ ಕೂತ ಅಪರಿಚಿತನಿಗೆ, ಕೇಳದೆಯೇ, "ಇವತ್ತ ಒಂದು ಅಪೀಲ್ ಹಾಕಿದೆ," ಎಂದರು. ಅವನು ಯಾರಾದರೂ ಸತ್ತರೇನೋ ಎಂಬಂತೆ ಅವರ ಭುಜ ತಟ್ಟಿದ.

ವಿಚಾರಣೆಗೆ ಕರೆ ಬಂದದ್ದು ಮಾರ್ಚಿನಲ್ಲಿ, ಹುಬ್ಬಳ್ಳಿಗೆ. ಹಿಂದಿನ ದಿನ ರಾಯರು ಮೂರು ರೊಟ್ಟಿಗಳ ಸ್ಟೀಲ್ ಡಬ್ಬಿಯನ್ನು ಮನೆಗೆ ತಂದರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಅವರಿಗೆ ಒಂದು ಚಿಂತೆ ಹತ್ತಿತ್ತು. ರೊಟ್ಟಿಗಳು ಮೂರು ತಿಂಗಳಾದರೂ ಕೆಟ್ಟಿರಲಿಲ್ಲ, ಮುರಿದರೆ ಕಟ್ ಎನ್ನುತ್ತಿದ್ದವು. ಅಧಿಕಾರಿ ಆದೇಶದಲ್ಲಿ ಬರೆದದ್ದೂ ಅದನ್ನೇ. ತಾವು ಜೋಪಾನ ಮಾಡಿದ ಸಾಕ್ಷ್ಯ ಎಷ್ಟು ಚೆನ್ನಾಗಿ ಉಳಿದಿತ್ತೋ ಅಷ್ಟೂ ತಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು. ಸಂಜೆ ಊಟಕ್ಕೆ ಕೂತಾಗಲೂ ಅವರ ತಲೆಯಲ್ಲಿ ಅದೇ ಇತ್ತು. ತಟ್ಟೆಯಲ್ಲಿ ಬಂದದ್ದನ್ನು ಬದನೆಕಾಯಿ ಎಣಗಾಯಿ ಹಚ್ಚಿ ತಿಂದರು. ಮುಕ್ಕಾಲು ಪಾಲು ಮುಗಿಯುತ್ತ ಬಂದಾಗ ರೊಟ್ಟಿಯ ಮೇಲೆ ಅಕ್ಷರ ಕಂಡಿತು. ‘ಗುಡ್ಡ’ ಹೊಟ್ಟೆಗೆ ಹೋಗಿತ್ತು. ತಟ್ಟೆಯಲ್ಲಿ ‘ವ್ವ’ ಮಾತ್ರ ಉಳಿದಿತ್ತು.

"ಇಂದಿರಾ! ಇದು ಎಲ್ಲಿಂದ ಬಂತು?"

ಹೆಂಡತಿ ಇಂದಿರಾಬಾಯಿ ಒಳಗಿನಿಂದಲೇ ಹೇಳಿದರು. "ನೀವು ತಂದ ಡಬ್ಬಿಯೊಳಗಿಂದು. ನಿಮಗ ಹಲ್ಲು ನೋವು ಅಂತ ನೀರು ಚಿಮುಕಿಸಿ ಒದ್ದಿ ಅರಿವಿಯೊಳಗ ಸುತ್ತಿಟ್ಟಿದ್ದೆ. ಮೆತ್ತಗಾಗಿಲ್ಲೇನು?"

ಬೈಯಲು ಬಾಯಿ ತೆರೆದ ರಾಯರು ಮೆತ್ತಗೆ ಎಂಬ ಮಾತಿಗೆ ಬೈಗುಳವನ್ನೇ ಮರೆತರು. ಉಳಿದ ತುಣುಕನ್ನು ಎತ್ತಿ ಮಡಚಿದರು. ಮಡಚಿತು. ಮತ್ತೊಮ್ಮೆ ಮಡಚಿದರು. ಮಡಚಿತು. ಅವರು ತಿಂದದ್ದು ತಮ್ಮ ಕಡತದ ಪ್ರತಿ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಪ್ರಾಧಿಕಾರದ್ದೂ ಇಲಾಖೆಯದೂ ಡಬ್ಬಿಯಲ್ಲಿ ಸುರಕ್ಷಿತ.

"ಭಾಳ ಚಲೋ ಮೆತ್ತಗಾಗೇದ," ಎಂದರು. "ಆ ಅರಿವಿ ನಾಳೆ ನನಗ ಬೇಕು."

ಮೇಲ್ಮನವಿ ಅಧಿಕಾರಿ ಐವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಇಲಾಖೆಯ ಪರವಾಗಿ ಒಬ್ಬ ತರುಣ ಅಧಿಕಾರಿ ಬಂದಿದ್ದ. ಜೊತೆಗೆ ಬಂದಿದ್ದ ಗುಡ್ಡವ್ವನನ್ನು ಪಕ್ಕದಲ್ಲಿ ಕೂರಿಸಿ ರಾಯರು ಅರ್ಜಿ ಓದಿದರು. ಮೇಡಂ ಸ್ಕ್ಯಾನಿನ ಹಾಳೆಯನ್ನು ಒಮ್ಮೆ ಸರಿ ಮಾಡಿ, ಒಮ್ಮೆ ತಿರುವಿ ನೋಡಿದರು. "ಹೆಚ್ಚುವರಿ ಸಾಕ್ಷ್ಯ ಸ್ವೀಕರಿಸೋಣ. ಇಲಾಖೆಯವರು ಪರಿಶೀಲಿಸಬಹುದು," ಎಂದರು.

ತರುಣ ಅಧಿಕಾರಿ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ, ಬೆರಳಿನಿಂದ ತಟ್ಟಿದ. ಟಕ್ ಟಕ್ ಎಂದಿತು. "ಮೇಡಂ, ಡಿಸೆಂಬರಿನ ಮಾಲು ಅಂತ ಅವರೇ ಹೇಳ್ತಿದ್ದಾರೆ. ಇನ್ನೂ ಗರಿಗರಿಯಾಗಿದೆ. ನಮ್ಮ ಆದೇಶಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಾಗಿಲ್ಲ."

ರಾಯರು ಚೀಲದಿಂದ ಒದ್ದೆ ಅರಿವೆ ತೆಗೆದರು. "ಹದಿನೈದು ನಿಮಿಷ ಬೇಕ್ರಿ, ಮೇಡಂ."

ಪ್ರಾಧಿಕಾರದ ಪ್ರತಿಗೆ ಗುಡ್ಡವ್ವ ನೀರು ಚಿಮುಕಿಸಿ, ಅರಿವೆಯಲ್ಲಿ ಸುತ್ತಿ, ಮೇಜಿನ ಮೂಲೆಯಲ್ಲಿಟ್ಟಳು. ಎಲ್ಲರೂ ಅದನ್ನೇ ನೋಡುತ್ತ ಕೂತರು. ಫ್ಯಾನು ತಿರುಗುತ್ತಿತ್ತು. ಸುಮ್ಮನೆ ಕೂರುವುದೇಕೆಂದು ಮೇಡಂ ಮುಂದಿನ ಪ್ರಕರಣ ಕರೆದರು. ಯಾವುದೋ ಸಿಮೆಂಟ್ ವ್ಯಾಪಾರಿಯ ವಕೀಲರು ಬಂದು ನಿಂತು, ಒದ್ದೆ ಗಂಟನ್ನು ಓರೆಗಣ್ಣಿನಿಂದ ನೋಡುತ್ತ ಕ್ರೆಡಿಟ್ ಬಗ್ಗೆ ವಾದ ಮಾಡಿದರು, ಮಾತು ಎರಡು ಸಲ ತಪ್ಪಿತು. ಹದಿನೈದು ನಿಮಿಷವಾಯಿತು. ಗುಡ್ಡವ್ವ ಅರಿವೆ ಬಿಚ್ಚಿ ರೊಟ್ಟಿಯನ್ನು ಎತ್ತಿದಳು. ಅದು ಕೈಯಲ್ಲಿ ಕರವಸ್ತ್ರದಂತೆ ಇಳಿಬಿದ್ದಿತು. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟಳು.

"ಸುಡುವಾಗ ಎಲ್ಲಾ ರೊಟ್ಟಿ ಮೆತ್ತಗ ಇರತಾವ್ರಿ ಬಾಯಾರ. ಒಲಿ ಬಾಜೂಕ ಒಣಗಿಸಿದ್ರ ಖಡಕ್ ಆಕ್ಕಾವ. ನೀರ ಕುಡಿಸಿದ್ರ ತಿರುಗಿ ಮೆತ್ತಗ ಆಕ್ಕಾವ. ಅದ ರೊಟ್ಟಿ, ಬ್ಯಾರೆ ಅಲ್ಲ."

ತರುಣ ಅಧಿಕಾರಿ ಜಾಣ. "ಬಿಸ್ಕಿಟನ್ನೂ ಚಹಾದಲ್ಲಿ ಅದ್ದಿದರೆ ಮೆತ್ತಗಾಗುತ್ತದೆ," ಎಂದ.

ಗುಡ್ಡವ್ವ ಅವನ ಕಡೆ ತಿರುಗಿದಳು. "ಹೌದ್ರಿ ಸಾಹೇಬ್ರ. ಆದ್ರ ಅದನ್ನ ಮಡಚಾಕ ಬರೂದಿಲ್ಲ, ಕಪ್ಪಿನ್ಯಾಗ ಬೆರಳ ಹಾಕಿ ಹುಡುಕಬೇಕಾಕ್ಕೈತಿ."

ಮೇಡಂ ತಲೆ ಬಗ್ಗಿಸಿ ಬಹಳ ಹೊತ್ತು ಬರೆದರು. ಅವರ ಭುಜ ಸ್ವಲ್ಪ ಅಲುಗಿದ್ದನ್ನು ರಾಯರು ಕಂಡರು. ಇಲಾಖೆಯವನೂ ತನ್ನ ಟಿಪ್ಪಣಿಯಲ್ಲಿ, ‘ನಾಲ್ಕಾಗಿ ಮಡಚಲಾಯಿತು, ಮುರಿಯಲಿಲ್ಲ’ ಎಂದು ಪ್ರಾಮಾಣಿಕವಾಗಿಯೇ ಬರೆದುಕೊಂಡ.

ತೀರ್ಪು ಮೇ ತಿಂಗಳಲ್ಲಿ ಬಂತು. ಪೊಟ್ಟಣದ ಹೆಸರು ಸರಕಿನ ಗುಣ ಬದಲಿಸದು, ದಿನಬಳಕೆಯ ಮಾತಿನಲ್ಲಿ ಇದು ರೊಟ್ಟಿಯೇ, ಒಣಗಿದ್ದರಿಂದ ಬೇರೆ ಪದಾರ್ಥವಾಗಲಿಲ್ಲ. ತೆರಿಗೆ, ಬಡ್ಡಿ, ದಂಡ ಮೂರೂ ರದ್ದು. ರಾಯರು ಠೇವಣಿ ವಾಪಸಿಗೆ ಅರ್ಜಿ ಹಾಕಿದರು. ನಲವತ್ತೊಂದು ಸಾವಿರದ ಆರುನೂರು, ಬಡ್ಡಿ ಸಮೇತ, ಗುಡ್ಡವ್ವನ ಖಾತೆಗೆ ಬಂತು. ಅವಳು ಪಾಸ್‌ಬುಕ್ ಹಿಡಿದು ರೋಣಕ್ಕೇ ಬಂದಳು. "ಜಗಳಾ ಮಾಡಿದ್ದಕ್ಕ ಬಡ್ಡಿ ಕೊಟ್ಟಾರಲ್ರೀ!" ಎಂದು ಅದನ್ನು ಸುಭಾನಸಾಬನಿಗೂ ತೋರಿಸಿದಳು. ರಾಯರ ಫೀ ಕೊಟ್ಟು, ಮೇಲೆ ನೂರು ರೊಟ್ಟಿ ಇಟ್ಟು ಹೋದಳು. ಯಾವುದರ ಮೇಲೂ ಸಹಿ ಇರಲಿಲ್ಲ.

ಆಮೇಲೆ ರಾಯರು ಮತ್ತೆ ಗೊಬ್ಬರದಂಗಡಿಯ ರಿಟರ್ನ್‌ಗಳಿಗೆ ಕೂತರು. ಆದರೆ ಒಂದು ಚಟ ಹತ್ತಿತ್ತು. ಈ ತೀರ್ಪಿನ ಮೇಲೆ ಇಲಾಖೆ ನ್ಯಾಯಮಂಡಳಿಗೆ ಹೋಗಬೇಕೆಂದರೆ ಆರು ತಿಂಗಳ ಅವಕಾಶವಿದೆ. ದಿನಾ ಸಂಜೆ ನರಗುಂದದ ಮನೆಯ ಕಟ್ಟೆಯ ಮೇಲೆ ಕೂತು ಅವರು ಮೊಬೈಲಿನಲ್ಲಿ ಗುಡ್ಡವ್ವನ ಖಾತೆ ತೆರೆದು ನೋಡುವರು.

"ಏನರೆ ಬಂತೇನ್ರಿ?" ಇಂದಿರಾಬಾಯಿ ಕೇಳುವರು.

"ಇಲ್ಲ."

"ಬರಬಾರದಲ್ಲ, ಒಳ್ಳೇದಾತು."

"ಹೌದ, ಬರಬಾರದು," ಎನ್ನುವರು ರಾಯರು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ತೆರೆದು ನೋಡುವರು.